ಮೈಕೆಲ್ಯಾಂಜೆಲೊ ಯಾರಲ್ಲಿಯೂ ಕಲಿಯಲಿಲ್ಲವೇ? ಕೊಂಡಿವಿ ಬರೆದದ್ದು, ವಸಾರಿ ಬರೆದದ್ದು, ಲೆಕ್ಕದ ಪುಸ್ತಕ ಹೇಳುವುದು

ಧಾರವಾಡದ ಓದುಗ

ಎಲ್ಲರಿಗೂ ನಮಸ್ಕಾರ. ಇಟಲಿಯ ಕಲಾವಿದರ ಹಳೆಯ ಜೀವನಚರಿತ್ರೆಗಳನ್ನು ಅನುವಾದದಲ್ಲಿ ಓದುತ್ತಿದ್ದೇನೆ. ಮೈಕೆಲ್ಯಾಂಜೆಲೊ ಬದುಕಿದ್ದಾಗಲೇ ಅವನ ಕುರಿತು ಇಬ್ಬರು ಬರೆದಿದ್ದಾರೆ. ಒಬ್ಬ ಜಾರ್ಜೊ ವಸಾರಿ, ಇನ್ನೊಬ್ಬ ಅವನ ಶಿಷ್ಯ ಅಸ್ಕಾನಿಯೊ ಕೊಂಡಿವಿ. ಹುಡುಗನಾಗಿದ್ದಾಗ ಮೈಕೆಲ್ಯಾಂಜೆಲೊ ಫ್ಲಾರೆನ್ಸಿನ ವರ್ಣಚಿತ್ರಕಾರ ಡೊಮೆನಿಕೊ ಗಿರ್ಲಾಂಡಾಯೊನ ಕಾರ್ಯಾಗಾರದಲ್ಲಿ ಕೆಲಸ ಕಲಿತನೆಂದು ವಸಾರಿ ಹೇಳಿದರೆ, ಗಿರ್ಲಾಂಡಾಯೊನಿಂದ ಅವನಿಗೆ ಯಾವ ನೆರವೂ ದೊರೆಯಲಿಲ್ಲ, ಬದಲಾಗಿ ಆ ಮನುಷ್ಯ ಹುಡುಗನ ಮೇಲೆ ಅಸೂಯೆಪಟ್ಟ ಎಂದು ಕೊಂಡಿವಿ ಹೇಳುತ್ತಾನೆ. ಇಬ್ಬರೂ ಅವನನ್ನು ಹತ್ತಿರದಿಂದ ಬಲ್ಲವರು. ಹೀಗಿರುವಾಗ ಯಾರ ಮಾತನ್ನು ನಂಬಬೇಕು? ಈಗಿನ ಇತಿಹಾಸಕಾರರು ಇಬ್ಬರನ್ನೂ ಅನುಮಾನದಿಂದ ನೋಡುತ್ತಾರಂತೆ. ಆ ಅನುಮಾನಕ್ಕೆ ಏನು ಆಧಾರವಿದೆ ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಹಳೇ ಕಡತ

ಪ್ರಶ್ನೆ ಚೆನ್ನಾಗಿದೆ. ಇದನ್ನು ಬಿಡಿಸಬೇಕಾದರೆ ಪುಸ್ತಕಗಳು ಯಾವ ಕ್ರಮದಲ್ಲಿ ಹೊರಬಂದವು ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಅವು ಒಂದಕ್ಕೊಂದು ಉತ್ತರವಾಗಿ ಬರೆದಂಥವು.

ಇಟಲಿಯ ಕಲಾವಿದರ ಜೀವನಚರಿತ್ರೆಗಳನ್ನು ಒಟ್ಟುಗೂಡಿಸಿದ ವಸಾರಿಯ ಗ್ರಂಥದ ಮೊದಲ ಮುದ್ರಣ ಫ್ಲಾರೆನ್ಸಿನಲ್ಲಿ 1550ರಲ್ಲಿ ಬಂತು. ಕಲೆಯು ಹಳೆಯ ಫ್ಲಾರೆನ್ಸಿನ ಚಿತ್ರಕಾರ ಜೊಟ್ಟೊನ ಕಾಲದಲ್ಲಿ ಚಿಗುರಿ, ಹಂತಹಂತವಾಗಿ ಬೆಳೆದು, ಮೈಕೆಲ್ಯಾಂಜೆಲೊನಲ್ಲಿ ಪೂರ್ಣತೆ ಮುಟ್ಟಿತು ಎಂಬುದು ಆ ಇಡೀ ಗ್ರಂಥದ ವಾದ. ಆಗ ಎಪ್ಪತ್ತೈದು ವರ್ಷದವನಾಗಿದ್ದ ಮೈಕೆಲ್ಯಾಂಜೆಲೊನನ್ನು ಅದರಲ್ಲಿ ಬಹುತೇಕ ದೇವದೂತನ ಸ್ಥಾನದಲ್ಲಿ ಕೂರಿಸಲಾಗಿತ್ತು. ಆದರೂ ಅವನಿಗೆ ಅದು ಸಮಾಧಾನ ತಂದಂತೆ ಕಾಣುವುದಿಲ್ಲ. ಮೂರೇ ವರ್ಷಗಳಲ್ಲಿ, 1553ರಲ್ಲಿ, ಅವನ ಬಳಿಯಲ್ಲೇ ಇದ್ದ ಕೊಂಡಿವಿಯ ಹೆಸರಿನಲ್ಲಿ ಮತ್ತೊಂದು ಜೀವನಚರಿತ್ರೆ ಬಂತು. ಹಿಂದೆ ಬರೆದವರು ತಿಳಿಯದೆ ಇಲ್ಲದ್ದನ್ನು ಸೇರಿಸಿದ್ದಾರೆ, ಇದ್ದದ್ದನ್ನು ಬಿಟ್ಟಿದ್ದಾರೆ ಎಂಬ ದೂರು ಅದರ ಪ್ರಾರಂಭದಲ್ಲಿಯೇ ಇದೆ. ಅದರ ಬಹುಭಾಗ ಮೈಕೆಲ್ಯಾಂಜೆಲೊನೇ ಹೇಳಿ ಬರೆಸಿದ್ದೆಂದು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆದ್ದರಿಂದ ಗಿರ್ಲಾಂಡಾಯೊನಿಂದ ಏನನ್ನೂ ಕಲಿಯಲಿಲ್ಲ ಎಂಬ ಮಾತನ್ನು ಕೊಂಡಿವಿಯ ಮಾತೆನ್ನುವುದಕ್ಕಿಂತ ಮೈಕೆಲ್ಯಾಂಜೆಲೊನ ಮಾತೆಂದೇ ತಿಳಿಯಬೇಕು.

1564ರ ಫೆಬ್ರವರಿಯಲ್ಲಿ ಮೈಕೆಲ್ಯಾಂಜೆಲೊ ತೀರಿಕೊಂಡ. ವಸಾರಿಯ ಎರಡನೆಯ ಮುದ್ರಣ ಬಂದದ್ದು 1568ರಲ್ಲಿ. ಅಲ್ಲಿ ಅವನು ಕೊಂಡಿವಿಯ ಹೆಸರು ಹೇಳದೆ, ತನ್ನನ್ನು ಟೀಕಿಸಿದವನಿಗೆ ಉತ್ತರ ಕೊಡುತ್ತಾನೆ. ಉತ್ತರಕ್ಕೆ ಅವನು ಬಳಸಿದ್ದು ಒಂದು ಲೆಕ್ಕದ ಪುಸ್ತಕದ ನಮೂದು. 1488ರ ಏಪ್ರಿಲ್ 1ರಂದು ಮೈಕೆಲ್ಯಾಂಜೆಲೊನ ತಂದೆ ಲೊಡೊವಿಕೊ ತನ್ನ ಮಗನನ್ನು ಡೊಮೆನಿಕೊ ಮತ್ತು ಅವನ ತಮ್ಮ ದಾವಿದ್‌ರ ಬಳಿ ಮೂರು ವರ್ಷಕ್ಕೆ ಕೆಲಸಕ್ಕೆ ಬಿಟ್ಟಿದ್ದಾನೆಂದೂ, ಹುಡುಗ ಅಲ್ಲಿದ್ದು ಚಿತ್ರ ಬರೆಯುವುದನ್ನು ಕಲಿಯತಕ್ಕದ್ದೆಂದೂ, ಅಣ್ಣತಮ್ಮಂದಿರು ಮೊದಲ ವರ್ಷ 6, ಎರಡನೆಯ ವರ್ಷ 8, ಮೂರನೆಯ ವರ್ಷ 10, ಒಟ್ಟು 24 ಫ್ಲೊರಿನ್ ಕೊಡತಕ್ಕದ್ದೆಂದೂ ಅದರಲ್ಲಿದೆ. ಅದರ ಕೆಳಗೆ, ಅದೇ ತಿಂಗಳ 16ರಂದು 2 ಫ್ಲೊರಿನ್ ಮುಂಗಡ ಪಾವತಿಯಾದ ನಮೂದೂ ಇದೆ. ಈ ಪುಸ್ತಕ ಗಿರ್ಲಾಂಡಾಯೊನ ವಾರಸುದಾರರ ಬಳಿ ಇದೆ, ತಾನು ಹೇಳಿದ್ದೆಲ್ಲ ಸತ್ಯವೆಂದು ತೋರಿಸಲು ಅದರಿಂದಲೇ ಪ್ರತಿ ಮಾಡಿದ್ದೇನೆ ಎಂದು ವಸಾರಿ ಬರೆದಿದ್ದಾನೆ. ಹುಡುಗನಿಗೆ ಆಗ ಹದಿಮೂರು ವರ್ಷ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು. ಮೈಕೆಲ್ಯಾಂಜೆಲೊನನ್ನು ದೈವಾಂಶಸಂಭೂತನೆಂದು ಕರೆದ ವಸಾರಿಯೇ, ತನ್ನ ಮಾತು ಸುಳ್ಳಾಗಬಾರದೆಂಬ ಹಟಕ್ಕೆ ಬಿದ್ದು, ಅದೇ ದೈವಾಂಶಸಂಭೂತ ಸಂಬಳಕ್ಕಿದ್ದ ಹುಡುಗನಾಗಿದ್ದನೆಂಬ ದಾಖಲೆಯನ್ನು ನಮಗಾಗಿ ಉಳಿಸಿಬಿಟ್ಟ.

ಖಂಡನೆ ಮಂಡನೆ

ವಸಾರಿಯನ್ನು ಇಷ್ಟೊಂದು ನಂಬುವುದು ನನಗೆ ಸರಿ ಕಾಣುವುದಿಲ್ಲ. ಅಂದ್ರೆಯಾ ದೆಲ್ ಕಸ್ತಾಞೊ ಎಂಬ ಚಿತ್ರಕಾರ ಅಸೂಯೆಯಿಂದ ತನ್ನ ಗೆಳೆಯ ಡೊಮೆನಿಕೊ ವೆನೆತ್ಸಿಯಾನೊನನ್ನು ರಾತ್ರಿ ಕಾದು ಕುಳಿತು ಕೊಂದನೆಂದು ಇದೇ ವಸಾರಿ ಬರೆದ. ಮೂರು ಶತಮಾನ ಜನ ಅದನ್ನು ನಂಬಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಯೆತಾನೊ ಮಿಲನೆಸಿ ಫ್ಲಾರೆನ್ಸಿನ ದಾಖಲೆಗಳನ್ನು ಹುಡುಕಿ ನೋಡಿದಾಗ, ಕೊಲೆಗಾರನೆನಿಸಿಕೊಂಡವನು 1457ರಲ್ಲೇ ಸತ್ತಿದ್ದ, ಕೊಲೆಯಾದನೆನ್ನುವವನು 1461ರವರೆಗೆ ಬದುಕಿದ್ದ ಎಂಬುದು ಗೊತ್ತಾಯಿತು. ಒಬ್ಬ ನಿರಪರಾಧಿಯನ್ನು ಕೊಲೆಗಾರನನ್ನಾಗಿ ಮಾಡಿದ ಲೇಖಕ ಒಂದು ಒಪ್ಪಂದವನ್ನು ಸೃಷ್ಟಿಸಲಾರನೇ? ನೀವು ಹೇಳುವ ಗಿರ್ಲಾಂಡಾಯೊ ಪುಸ್ತಕ ಇಂದು ಎಲ್ಲಿದೆ? ಮೂಲ ಉಳಿದಿಲ್ಲ, ಇರುವುದು ವಸಾರಿಯ ನಕಲು ಮಾತ್ರ. ಆದ್ದರಿಂದ ಇಬ್ಬರ ಮಾತನ್ನೂ ತಳ್ಳಿಹಾಕುವುದೇ ಸರಿಯಾದ ವಿಧಾನ.

ಬೆಳಗಿನ ರಾಗ

ಈ ಚರ್ಚೆ ನನಗೆ ಬೇಸರ ತಂದಿದೆ. ಅಂಥ ಮಹಾನ್ ಕಲಾವಿದನಿಗೆ ಪ್ರತಿಭೆ ಇರಲಿಲ್ಲವೆಂದು ಸಾಧಿಸುವುದರಿಂದ ಯಾರಿಗೇನು ಸಿಗುತ್ತದೆ? ವ್ಯಾಟಿಕನ್‌ನಲ್ಲಿ ಸತ್ತ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡ ಮೇರಿಯ ಶಿಲ್ಪವನ್ನು ನೋಡಿದವರು ಹೀಗೆ ಮಾತನಾಡಲಾರರು. ಗುರು ಇದ್ದರೇನು, ಇಲ್ಲದಿದ್ದರೇನು? ಗಿರ್ಲಾಂಡಾಯೊನ ಬಳಿ ಬೇರೆ ಹುಡುಗರೂ ಇದ್ದರಲ್ಲ, ಅವರೆಲ್ಲ ಏಕೆ ಮೈಕೆಲ್ಯಾಂಜೆಲೊ ಆಗಲಿಲ್ಲ?

ಹಳೇ ಕಡತ

ಬೆಳಗಿನ ರಾಗ ಅವರೇ, ಅವನಿಗೆ ಪ್ರತಿಭೆ ಇರಲಿಲ್ಲವೆಂದು ಇಲ್ಲಿ ಯಾರೂ ಹೇಳಿಲ್ಲ. ಆ ಪ್ರತಿಭೆ ಯಾವ ಜಾಗದಲ್ಲಿ, ಯಾರ ನಡುವೆ, ಯಾವ ಕೆಲಸ ಮಾಡುತ್ತ ಬೆಳೆಯಿತು ಎಂಬುದನ್ನು ಮುಚ್ಚಿಟ್ಟ ಕಥೆಯೊಂದಿದೆ, ಅದನ್ನು ಕಟ್ಟಿದವರು ಯಾರು, ಏಕೆ ಕಟ್ಟಿದರು ಎಂಬುದಷ್ಟೇ ಪ್ರಶ್ನೆ. ಒಂದೇ ಕಾರ್ಯಾಗಾರದ ಹುಡುಗರೆಲ್ಲ ಏಕೆ ಸಮಾನರಾಗಲಿಲ್ಲ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ದಾಖಲೆಗಳು ಅದಕ್ಕೆ ಉತ್ತರ ಕೊಡುವುದಿಲ್ಲ.

ಖಂಡನೆ ಮಂಡನೆ ಅವರು ಹೇಳಿದ ಕೊಲೆಯ ವಿಷಯ ನಿಜ. ಮೂಲ ಪುಸ್ತಕ ಉಳಿದಿಲ್ಲವೆಂಬುದೂ ನಿಜ. ಆದರೆ ಆ ಕೊಲೆ ವಸಾರಿ ಹುಟ್ಟುವುದಕ್ಕೆ ಅರ್ಧ ಶತಮಾನ ಹಿಂದಿನ ಮಾತು, ಬಾಯಿಂದ ಬಾಯಿಗೆ ಬಂದದ್ದನ್ನು ಅವನು ಪರಿಶೀಲಿಸದೆ ಬರೆದ. ಒಪ್ಪಂದದ ವಿಷಯದಲ್ಲಿ, ಪುಸ್ತಕ ಇಂಥವರ ಮನೆಯಲ್ಲಿದೆ ಎಂದು ಅದೇ ಊರಿನ ಓದುಗರಿಗೆ ಹೇಳುತ್ತಿದ್ದಾನೆ. ಅದು ಸುಳ್ಳಾಗಿದ್ದರೆ ಹಿಡಿದುಹಾಕಲು ಒಂದು ದಿನ ಸಾಕಿತ್ತು. ಒಬ್ಬ ಲೇಖಕನನ್ನು ಪೂರ್ತಿ ನಂಬುವುದು ಅಥವಾ ಪೂರ್ತಿ ಬಿಡುವುದು ಇತಿಹಾಸಕಾರರ ಪದ್ಧತಿಯಲ್ಲ. ಪ್ರತಿಯೊಂದು ಹೇಳಿಕೆಗೂ ಅದು ಅವನಿಗೆ ಹೇಗೆ ತಿಳಿಯಿತು, ಅದರಿಂದ ಯಾರಿಗೆ ಲಾಭ ಎಂದು ಬೇರೆಬೇರೆಯಾಗಿ ಕೇಳುತ್ತಾರೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ 1993ರಲ್ಲಿ ಪ್ರಕಟವಾಯಿತು. ಗಿರ್ಲಾಂಡಾಯೊ ಫ್ಲಾರೆನ್ಸಿನ ಅನಾಥ ಮಕ್ಕಳ ಆಸ್ಪತ್ರೆಯಾದ ಇನ್ನೊಚೆಂತಿಗೆ ಬಲಿಪೀಠದ ಚಿತ್ರವೊಂದನ್ನು ಬರೆದುಕೊಡುತ್ತಿದ್ದ. ಆ ಸಂಸ್ಥೆಯ ಲೆಕ್ಕದಲ್ಲಿ, 1487ರ ಜೂನ್ ತಿಂಗಳಲ್ಲಿ, ಗಿರ್ಲಾಂಡಾಯೊಗೆ ಸಲ್ಲಬೇಕಾದ ಹಣವನ್ನು ಲೊಡೊವಿಕೊನ ಮಗ ಮೈಕೆಲ್ಯಾಂಜೆಲೊ ಪಡೆದುಕೊಂಡು ಹೋದನೆಂಬ ನಮೂದನ್ನು ಕಲಾ ಇತಿಹಾಸಕಾರ್ತಿ ಜೀನ್ ಕ್ಯಾಡೊಗನ್ ಪತ್ತೆ ಮಾಡಿದರು. ಇದು ವಸಾರಿಯ ಕೈ ಸೋಕದ ದಾಖಲೆ. ಒಪ್ಪಂದಕ್ಕಿಂತ ಸುಮಾರು ಒಂಬತ್ತು ತಿಂಗಳ ಮುಂಚೆಯೇ, ಹನ್ನೆರಡು ವರ್ಷದ ಹುಡುಗ, ಯಜಮಾನನ ಬಾಕಿ ವಸೂಲಿಗೆ ಹೋಗುವಷ್ಟು ಆ ಕಾರ್ಯಾಗಾರದವನಾಗಿದ್ದ ಎಂದಾಯಿತು. ಕಲಿಯುವ ಹುಡುಗನಿಗೆ ಮೊದಲ ವರ್ಷದಿಂದಲೇ ಸಂಬಳ ಗೊತ್ತುಮಾಡಿದ್ದು ಏಕೆಂಬುದೂ ಇದರಿಂದ ತಕ್ಕಮಟ್ಟಿಗೆ ಅರ್ಥವಾಗುತ್ತದೆ. ಆ ವೇಳೆಗಾಗಲೇ ಅವನಿಗೆ ಕೆಲಸ ಬರುತ್ತಿತ್ತು.

ಹಾಗಾದರೆ ಅವನು ಇದನ್ನು ಏಕೆ ಅಲ್ಲಗಳೆದ? ಅವನ ಮನೆತನಕ್ಕೆ ಹಣವಿರಲಿಲ್ಲ, ಆದರೆ ಹಳೆಯ ಗೌರವದ ನೆನಪಿತ್ತು. ತಾವು ಕನೊಸ್ಸಾದ ಕೌಂಟರ ವಂಶಸ್ಥರೆಂದು ಅವನು ನಂಬಿದ್ದ, ಕೊಂಡಿವಿಯ ಪುಸ್ತಕ ಶುರುವಾಗುವುದೇ ಆ ವಂಶದ ವಿವರದಿಂದ. ಚಿತ್ರ ಬರೆಯುವುದು, ಕಲ್ಲು ಕೆತ್ತುವುದು ಕೈಕಸುಬು, ಅಂಗಡಿಯ ಕೆಲಸ. 1548ರಲ್ಲಿ ಅವನು ತನ್ನ ತಮ್ಮನ ಮಗನಾದ ಲಿಯೊನಾರ್ಡೊಗೆ ಬರೆದ ಪತ್ರವೊಂದು ಉಳಿದಿದೆ. ತನಗೆ ಬರೆಯುವಾಗ ವಿಳಾಸದಲ್ಲಿ ಶಿಲ್ಪಿ ಎಂದು ಹಾಕಬಾರದೆಂದು ಒಬ್ಬ ಪಾದ್ರಿಗೆ ಹೇಳು, ಅಂಗಡಿ ಇಟ್ಟುಕೊಂಡವರ ರೀತಿಯ ಚಿತ್ರಕಾರನಾಗಲಿ ಶಿಲ್ಪಿಯಾಗಲಿ ತಾನು ಎಂದೂ ಆಗಿರಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಈ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಐದು ವರ್ಷದ ಅನಂತರ ಬಂದ ಕೊಂಡಿವಿಯ ಪುಸ್ತಕವನ್ನು ಓದಿದರೆ, ಗುರುವಿಲ್ಲದ ಪ್ರತಿಭೆ ಎಂಬ ಕಥೆ ಬರೀ ಅಹಂಕಾರದಿಂದ ಬಂದದ್ದಲ್ಲ, ಮನೆತನದ ಮಾನದ ಪ್ರಶ್ನೆಯಿಂದ ಬಂದದ್ದು ಎಂದು ನನಗೆ ಅನಿಸುತ್ತದೆ.

ಸುಣ್ಣದ ಗೋಡೆ

ನಾನು ಇತಿಹಾಸ ಓದಿದವನಲ್ಲ. ಗೋಡೆಯ ಮೇಲೆ ಹಸಿ ಗಾರೆಯಲ್ಲಿ ಚಿತ್ರ ಬರೆಯುವುದನ್ನು ಕಲಿತಿದ್ದೇನೆ, ಸಣ್ಣ ಪುಟ್ಟ ಕೆಲಸಗಳನ್ನು ಮಾಡಿದ್ದೇನೆ. ಆ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ.

ಸಿಸ್ಟೀನ್ ಚಾಪೆಲ್‌ನ ಚಾವಣಿಯನ್ನು ಮೈಕೆಲ್ಯಾಂಜೆಲೊ ಯಾರ ಸಹಾಯವೂ ಇಲ್ಲದೆ, ಬಣ್ಣ ಅರೆದುಕೊಡುವವನೊಬ್ಬನೂ ಇಲ್ಲದೆ, ಇಪ್ಪತ್ತು ತಿಂಗಳಲ್ಲಿ ಮುಗಿಸಿದನೆಂದು ಕೊಂಡಿವಿ ಬರೆದಿದ್ದಾನೆ. ಈ ಕೆಲಸ ಮಾಡಿದ ಯಾರಿಗೂ ಇದು ಆಗದ ಮಾತೆಂದು ಗೊತ್ತಾಗುತ್ತದೆ. ಅರಳಿಸಿದ ಸುಣ್ಣಕ್ಕೆ ಮರಳೋ ಅಂಥದೇ ಪುಡಿಯೋ ಸೇರಿಸಿ ಗಾರೆ ಕಲಸಬೇಕು. ಅಂದು ಎಷ್ಟು ಬರೆಯಬಲ್ಲೆವೋ ಅಷ್ಟೇ ಜಾಗಕ್ಕೆ ಬೆಳಿಗ್ಗೆ ಕೊನೆಯ ಪದರ ಮೆತ್ತಿ, ಅದು ನೀರು ಎಳೆದುಕೊಂಡು ಬಿಗಿಯುತ್ತಿದ್ದಂತೆ ಬರೆಯಲು ತೊಡಗಬೇಕು. ನೀರಿನಲ್ಲಿ ಕಲಸಿದ ಬಣ್ಣ ಹಸಿ ಸುಣ್ಣದೊಳಗೆ ಸೇರಿ ಸುಣ್ಣ ಗಾಳಿಗೆ ಗಟ್ಟಿಯಾಗುವಾಗ ಅದರೊಂದಿಗೇ ಗಟ್ಟಿಯಾಗುತ್ತದೆ, ಬೇರೆ ಅಂಟು ಬೇಡ. ಒಣಗಿದ ಮೇಲೆ ಹಚ್ಚಿದ್ದು ನಿಲ್ಲುವುದಿಲ್ಲ. ಸಂಜೆ ಬರೆಯದೆ ಉಳಿದ ಗಾರೆಯನ್ನು ಅಂಚಿಗೆ ಓರೆಯಾಗಿ ಕತ್ತರಿಸಿ ತೆಗೆದುಬಿಡುತ್ತೇವೆ. ಹೀಗಾಗಿ ಒಬ್ಬನು ಬರೆಯುತ್ತಿರುವಾಗ ಇನ್ನೊಬ್ಬನು ಕಲಸಬೇಕು, ಇನ್ನೊಬ್ಬನು ಮೆತ್ತಬೇಕು, ಮತ್ತೊಬ್ಬನು ಪೂರ್ಣಗಾತ್ರದ ನಕ್ಷೆಯ ಕಾಗದವನ್ನು ಗೋಡೆಗೆ ಹಿಡಿದು, ಗೆರೆಗುಂಟ ಚುಚ್ಚಿದ ತೂತುಗಳ ಮೇಲೆ ಇದ್ದಿಲ ಪುಡಿಯ ಗಂಟನ್ನು ತಟ್ಟಬೇಕು. ನೆಲದ ಮಟ್ಟದ ಒಂದು ಸಣ್ಣ ಗೋಡೆಗೇ ನಾವು ಮೂವರು ಬೇಕಾಗುತ್ತೇವೆ. ಅಲ್ಲಿಯದು ಇಪ್ಪತ್ತು ಮೀಟರ್ ಎತ್ತರದ ಚಾವಣಿ.

ಸಂಜೆ ಗಾರೆ ಕತ್ತರಿಸಿದ ಆ ಅಂಚು ಎಂದೂ ಪೂರ್ತಿ ಮರೆಯಾಗುವುದಿಲ್ಲ. ಹತ್ತಿರದಿಂದ ಓರೆ ಬೆಳಕು ಹಾಕಿ ನೋಡಿದರೆ ಒಂದೊಂದು ದಿನದ ಕೆಲಸ ಬೇರೆಬೇರೆಯಾಗಿ ಕಾಣುತ್ತದೆ. 1980ರ ದಶಕದಲ್ಲಿ ಚಾವಣಿಯನ್ನು ಶುಚಿಗೊಳಿಸುವಾಗ ಇದನ್ನೆಲ್ಲ ಗುರುತು ಹಾಕಿದ್ದಾರೆ. ಮೊದಲು ಬರೆದ ಪ್ರಳಯದ ಭಾಗದಲ್ಲಿ ಬೇರೆ ಕೈಗಳ ಕೆಲಸವೂ ಕಾಣುತ್ತದೆಯೆಂದು ಹೇಳಿದ್ದಾರೆ. ಆದರೆ ಕೊನೆಯ ಹೊತ್ತಿಗೆ, ದೇವರು ಬೆಳಕನ್ನೂ ಕತ್ತಲನ್ನೂ ಬೇರ್ಪಡಿಸುವ ದೃಶ್ಯವನ್ನು ಒಂದೇ ದಿನದ ಗಾರೆಯಲ್ಲಿ ಮುಗಿಸಲಾಗಿದೆ. ನಾನು ಆ ವಿಷಯ ಓದಿದ ದಿನ ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ಗಾರೆ ಕಲಸಿದವರು ಇದ್ದರೆಂದು ಒಪ್ಪಿದರೆ ಅದು ಸಣ್ಣದಾಗುವುದಿಲ್ಲ, ಬೆಳಗಿನ ರಾಗ ಅವರೇ.

ಹಳೇ ಕಡತ

ಸುಣ್ಣದ ಗೋಡೆ ಅವರ ಮಾತಿಗೆ ಕಾಗದದ ಆಧಾರವೂ ಇದೆ. ಕೆಲಸ ಒಪ್ಪಿಕೊಂಡ 1508ರ ಸುಮಾರಿಗೆ ಮೈಕೆಲ್ಯಾಂಜೆಲೊ ಸ್ವತಃ ಬರೆದಿಟ್ಟುಕೊಂಡ ಟಿಪ್ಪಣಿಯಲ್ಲಿ, ಫ್ಲಾರೆನ್ಸಿನಿಂದ ಐವರು ಸಹಾಯಕರನ್ನು ಕರೆಸಲು ಒಬ್ಬೊಬ್ಬರಿಗೆ 20 ಡುಕಾಟ್‌ನಂತೆ ಲೆಕ್ಕ ಹಾಕಿದ್ದಾನೆ. ಸಹಾಯಕರು ಬಂದದ್ದನ್ನು ವಸಾರಿಯೂ ಹೇಳುತ್ತಾನೆ, ಹೆಸರುಗಳನ್ನೂ ಕೊಡುತ್ತಾನೆ. ಅವರಲ್ಲಿ ಫ್ರಾಂಚೆಸ್ಕೊ ಗ್ರನಾಚ್ಚಿ ಗಿರ್ಲಾಂಡಾಯೊನ ಕಾರ್ಯಾಗಾರದ ಹಳೆಯ ಜೊತೆಗಾರ. ಆದರೆ ಅವರ ಕೆಲಸ ಹಿಡಿಸದೆ ಮೈಕೆಲ್ಯಾಂಜೆಲೊ ಒಂದು ದಿನ ಎಲ್ಲವನ್ನೂ ಕೆಡವಿ, ಚಾಪೆಲ್‌ನ ಬಾಗಿಲು ಹಾಕಿಕೊಂಡು, ಅವರನ್ನು ಒಳಗೆ ಬಿಡಲೇ ಇಲ್ಲವೆಂದು ಕಥೆ ಮುಂದುವರಿಯುತ್ತದೆ. ಕೆಲಸ ಮುಗಿದದ್ದು 1512ರ ಅಕ್ಟೋಬರ್ ಕೊನೆಗೆ. ನಡುವೆ ಕೆಲಸ ನಿಂತಿದ್ದ ತಿಂಗಳುಗಳನ್ನು ಕಳೆದರೂ ಇಪ್ಪತ್ತು ತಿಂಗಳೆಂಬ ಲೆಕ್ಕ ಹೊಂದುವುದಿಲ್ಲ. ಸಹಾಯಕರ ಹೆಸರುಗಳು ಜೀವನಚರಿತ್ರೆಯಿಂದ ಹೀಗೆ ಒಂದೊಂದಾಗಿ ಜಾರಿಹೋದದ್ದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಕೈದಾಳದ ದಾರಿ

ನಮ್ಮ ಊರು ತುಮಕೂರಿನ ಹತ್ತಿರ. ಜಕಣಾಚಾರಿಯ ಕಥೆ ಕೇಳುತ್ತಲೇ ಬೆಳೆದವರು ನಾವು. ಬೇಲೂರಿನಲ್ಲಿ ಅವನು ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅಪರಿಚಿತ ಹುಡುಗನೊಬ್ಬ ಹೇಳಿದ್ದು, ಹೊಟ್ಟೆಯ ಭಾಗದಲ್ಲಿ ಕಪ್ಪೆ ಹೊರಬಂದದ್ದು, ಆ ಹುಡುಗ ಅವನ ಮಗನೇ ಆಗಿದ್ದದ್ದು ಎಲ್ಲರಿಗೂ ಗೊತ್ತಿರುವಂಥದು. ನೀವು ಹೇಳುವ ಹಾಗೆ ನೋಡಿದರೆ ಇದೂ ಜೀವನಚರಿತ್ರೆಕಾರರು ಕಟ್ಟಿದ್ದೇ? ನಮಗೆ ಯಾವ ವಸಾರಿಯೂ ಇರಲಿಲ್ಲವಲ್ಲ.

ಎರಡನೇ ವರ್ಷದ ವಿದ್ಯಾರ್ಥಿನಿ

ಅಣ್ಣ, ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳುತ್ತೇನೆ. 1934ರಲ್ಲಿ ವಿಯೆನ್ನಾದಲ್ಲಿ ಅರ್ನ್ಸ್ಟ್ ಕ್ರಿಸ್ ಮತ್ತು ಒಟ್ಟೊ ಕುರ್ಟ್ಸ್ ಎಂಬ ಇಬ್ಬರು ವಿದ್ವಾಂಸರು ಕಲಾವಿದರ ಕುರಿತ ಇಂಥ ಕಥೆಗಳನ್ನು ಒಂದೆಡೆ ಇಟ್ಟು ನೋಡಿದರು. ಬೇರೆಬೇರೆ ಕಾಲದ ಕಲಾವಿದರ ಬಗ್ಗೆ ಹೇಳುವ ಕಥೆ ಮತ್ತೆ ಮತ್ತೆ ಒಂದೇ ಆಗಿರುವುದು ಅವರ ಗಮನಕ್ಕೆ ಬಂತು. ಗ್ರೀಕ್ ಶಿಲ್ಪಿ ಲಿಸಿಪ್ಪಸ್ ಯಾರ ಶಿಷ್ಯನೂ ಅಲ್ಲವೆಂದು ರೋಮಿನ ಪ್ಲಿನಿ ಬರೆದಿದ್ದ. ಕುರಿ ಕಾಯುತ್ತ ಬಂಡೆಯ ಮೇಲೆ ಚಿತ್ರ ಬರೆಯುತ್ತಿದ್ದ ಬಾಲಕ ಜೊಟ್ಟೊನನ್ನು ಹಿರಿಯ ಚಿತ್ರಕಾರ ಚಿಮಾಬುವೆ ಕಂಡು ಕರೆದೊಯ್ದನೆಂಬ ಕಥೆಯನ್ನು ವಸಾರಿಗಿಂತ ನೂರು ವರ್ಷ ಮೊದಲೇ ಫ್ಲಾರೆನ್ಸಿನ ಶಿಲ್ಪಿ ಗಿಬೆರ್ತಿ ಬರೆದಿದ್ದ. ವಸಾರಿ ಅದನ್ನು ಜೊಟ್ಟೊಗೆ ಹೇಳಿದ್ದಷ್ಟೇ ಅಲ್ಲ, ದನ ಕುರಿ ಕಾಯುತ್ತಿದ್ದಾಗ ಯಾರೋ ದೊಡ್ಡವರು ಕಂಡು ಕರೆದೊಯ್ದರೆಂದು ಕಸ್ತಾಞೊ, ಬೆಕ್ಕಫೂಮಿ, ಅಂದ್ರೆಯಾ ಸಾನ್ಸೊವಿನೊ ಇವರ ವಿಷಯದಲ್ಲೂ ಬರೆದಿದ್ದಾನೆ. ಹಿರಿಯ ಶಿಲ್ಪಿಯನ್ನು ಕಿರಿಯನೊಬ್ಬ ಮೀರಿಸುವ ಕಥೆಯೂ ಅಂಥದ್ದೇ ಒಂದು ಅಚ್ಚು. ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರು ಸಿಗುವುದಿಲ್ಲ. ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ತಾವೇ ಕೆತ್ತಿಟ್ಟಿದ್ದಾರೆ. ಅಲ್ಲಿ ಕೆಲಸ ಮಾಡಿದವರು ಅವರು.

ಆದರೆ ನನಗೆ ಒಂದು ಅನುಮಾನ ಉಳಿದಿದೆ. ಕಥೆ ಅಚ್ಚಿನಂತಿದೆ ಎಂದ ಮಾತ್ರಕ್ಕೆ ಅದು ನಡೆಯಲೇ ಇಲ್ಲವೆಂದು ಹೇಳಬಹುದೇ? ಕುರಿ ಕಾಯುವ ಹುಡುಗರು ಕಲ್ಲಿನ ಮೇಲೆ ಗೀಚುವುದು ಅಪರೂಪವೇನಲ್ಲ. ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ.

ಖಂಡನೆ ಮಂಡನೆ

1487ರ ನಮೂದಿನ ವಿಷಯ ನನಗೆ ತಿಳಿದಿರಲಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಅದರಿಂದ ಸಾಬೀತಾಗುವುದು ಹುಡುಗ ಅಲ್ಲಿದ್ದ ಎಂಬುದು ಮಾತ್ರ, ಅಲ್ಲಿ ಏನನ್ನಾದರೂ ಕಲಿತ ಎಂಬುದಲ್ಲ. ಹಣ ತರಲು ಕಳಿಸಿದ ಮಾತ್ರಕ್ಕೆ ವಿದ್ಯೆ ಕಲಿಸಿದಂತಾಗುತ್ತದೆಯೇ? ಮೈಕೆಲ್ಯಾಂಜೆಲೊನ ದೂರು ಇದ್ದದ್ದೂ ನೆರವು ಸಿಗಲಿಲ್ಲವೆಂದೇ.

ಹಳೇ ಕಡತ

ಈ ಆಕ್ಷೇಪ ಗಟ್ಟಿಯಾಗಿದೆ. ಇದಕ್ಕೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ, ರೇಖೆಗಳಲ್ಲಿ ಹುಡುಕಬೇಕು. ಮೈಕೆಲ್ಯಾಂಜೆಲೊ ಹುಡುಗನಾಗಿದ್ದಾಗ ಜೊಟ್ಟೊ ಮತ್ತು ಮಸಾಚ್ಚೊರ ಭಿತ್ತಿಚಿತ್ರಗಳನ್ನು ನೋಡಿ ಶಾಯಿಯಲ್ಲಿ ಬರೆದ ಹಾಳೆಗಳು ಪ್ಯಾರಿಸ್ ಮತ್ತು ಮ್ಯೂನಿಕ್‌ನಲ್ಲಿವೆ. ನೆರಳನ್ನು ಬಣ್ಣ ಬಳಿದು ತೋರಿಸದೆ, ಗರಿಯ ಲೇಖನಿಯಿಂದ ಒಂದು ದಿಕ್ಕಿಗೆ ಗೆರೆಗಳನ್ನೆಳೆದು, ಅದರ ಮೇಲೆ ಅಡ್ಡವಾಗಿ ಮತ್ತೊಂದು ಸಾಲು ಗೆರೆಗಳನ್ನೆಳೆದು ಮೈಯ ಉಬ್ಬುತಗ್ಗುಗಳನ್ನು ತರುವ ಕ್ರಮ ಅವುಗಳಲ್ಲಿದೆ. ಗಿರ್ಲಾಂಡಾಯೊನ ಹಾಳೆಗಳಲ್ಲಿರುವುದೂ ಅದೇ ಕ್ರಮ. ಹುಡುಗನ ಗೆರೆಗಳು ಇನ್ನೂ ದಟ್ಟವಾಗಿ, ಉಳಿ ನಡೆದ ಹಾದಿಯಂತೆ ಆಕಾರವನ್ನು ಸುತ್ತಿಕೊಂಡು ಹೋಗುತ್ತವೆ. ಆದರೂ ಹಿಡಿತ ಬಂದದ್ದು ಎಲ್ಲಿಂದ ಎಂಬುದು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟವರಿಗೆ ಕಾಣುತ್ತದೆ. ಸಾಯುವ ಮೊದಲು ಅವನು ತನ್ನ ಬಹಳಷ್ಟು ಹಾಳೆಗಳನ್ನು ಸುಟ್ಟುಹಾಕಿದ, ತಾನು ಪಟ್ಟ ಶ್ರಮ ಯಾರಿಗೂ ಕಾಣಬಾರದೆಂಬುದು ಅವನ ಉದ್ದೇಶವಾಗಿತ್ತು ಎಂದು ವಸಾರಿ ಬರೆದಿದ್ದಾನೆ. ಉಳಿದವು ನಮ್ಮ ಅದೃಷ್ಟ.

ವಿದ್ಯಾರ್ಥಿನಿಯವರ ಅನುಮಾನವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಚ್ಚನ್ನು ಗುರುತಿಸಿದರೆ ಆ ಕಥೆಯನ್ನು ಸಾಕ್ಷಿಯಾಗಿ ಬಳಸಲಾಗದು ಎಂದಷ್ಟೇ ತಿಳಿಯುತ್ತದೆ, ಅದು ಸುಳ್ಳೆಂದು ತಿಳಿಯುವುದಿಲ್ಲ. ಸಂಶಯಪಟ್ಟವರು ಮುಗ್ಗರಿಸಿದ ಉದಾಹರಣೆಯೂ ಇದೇ ಜೀವನದಲ್ಲಿದೆ. ಫ್ಲಾರೆನ್ಸಿನ ಆಡಳಿತ ನಡೆಸುತ್ತಿದ್ದ ಲೊರೆಂಜೊ ದೆ ಮೆಡಿಚಿ ಸಾನ್ ಮಾರ್ಕೊ ಮಠದ ಬಳಿಯ ತನ್ನ ತೋಟದಲ್ಲಿ ಹಳೆಯ ಶಿಲ್ಪಗಳನ್ನಿಟ್ಟು ಹುಡುಗರಿಗೆ ಕಲಿಸಲು ಏರ್ಪಾಡು ಮಾಡಿದ್ದನೆಂಬ ವಸಾರಿಯ ಮಾತು ಪೂರ್ತಿ ಕಲ್ಪನೆಯೆಂದು ಇಪ್ಪತ್ತನೆಯ ಶತಮಾನದ ಕೆಲವು ವಿದ್ವಾಂಸರು ವಾದಿಸಿದರು. ಆದರೆ 1494ರ ಖಾಸಗಿ ಪತ್ರವೊಂದರಲ್ಲಿ, ಯಾವ ಜೀವನಚರಿತ್ರೆಯೂ ಇನ್ನೂ ಹುಟ್ಟದ ಕಾಲದಲ್ಲಿ, ತೋಟದ ಶಿಲ್ಪಿ ಮೈಕೆಲ್ಯಾಂಜೆಲೊ ವೆನಿಸಿಗೆ ಹೊರಟುಹೋದನೆಂಬ ಸುದ್ದಿ ಇದೆ. ತೋಟವಿತ್ತೆಂಬುದಕ್ಕೆ ಬೇರೆ ದಾಖಲೆಗಳೂ ಆಮೇಲೆ ಸಿಕ್ಕವು. ಅದು ವಸಾರಿ ವರ್ಣಿಸಿದಂಥ ಶಾಲೆಯಾಗಿತ್ತು ಎಂಬುದಕ್ಕೆ ಮಾತ್ರ ಆಧಾರ ಸಾಲದು.

ಧಾರವಾಡದ ಓದುಗ

ಎಲ್ಲರಿಗೂ ಕೃತಜ್ಞತೆಗಳು. ಚಿತ್ರಕಲೆಯ ಮಟ್ಟಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆದರೆ ಅವನು ತನ್ನನ್ನು ಮುಖ್ಯವಾಗಿ ಶಿಲ್ಪಿಯೆಂದೇ ತಿಳಿದಿದ್ದವನು. ಗಿರ್ಲಾಂಡಾಯೊ ಕಲ್ಲು ಕೆತ್ತುವವನಲ್ಲ. ಹಾಗಾದರೆ ಅಮೃತಶಿಲೆಗೆ ಉಳಿ ಹಿಡಿಯುವುದನ್ನು ಕಲಿಸಿದವರು ಯಾರು?

ಹಳೇ ಕಡತ

ಅದಕ್ಕೆ ಯಾವ ಒಪ್ಪಂದವೂ ಸಿಕ್ಕಿಲ್ಲ. ತೋಟದ ಮೇಲ್ವಿಚಾರಕನಾಗಿದ್ದ ಬೆರ್ತೊಲ್ಡೊನ ಹೆಸರನ್ನು ವಸಾರಿ ಹೇಳುತ್ತಾನೆ, ಆದರೆ ಅವನು ಮುಖ್ಯವಾಗಿ ಕಂಚಿನ ಕೆಲಸದವನು, ಆಗಲೇ ವಯಸ್ಸಾದವನು, 1491ರಲ್ಲಿ ತೀರಿಕೊಂಡ. ಮೈಕೆಲ್ಯಾಂಜೆಲೊ ಶಿಶುವಾಗಿದ್ದಾಗ ಅವನಿಗೆ ಹಾಲೂಡಿಸಿದವಳು ಕಲ್ಲುಗಣಿಗಳ ಊರಾದ ಸೆತ್ತಿಞಾನೊದ ಕಲ್ಲುಕುಟಿಗನ ಹೆಂಡತಿ. ಉಳಿ ಸುತ್ತಿಗೆಗಳು ಆ ಹಾಲಿನೊಂದಿಗೇ ಬಂದವೆಂದು ಅವನೇ ಹೇಳುತ್ತಿದ್ದನಂತೆ. ಅವನ ಮನೆತನದ ಜಮೀನೂ ಅದೇ ಊರಿನಲ್ಲಿತ್ತು, ಮುಂದೆ ದೊಡ್ಡ ಕೆಲಸಗಳಿಗೆ ಅವನು ಅಲ್ಲಿಂದಲೇ ಎಷ್ಟೋ ಕಲ್ಲುಕುಟಿಗರನ್ನು ಕರೆಸಿಕೊಂಡ. ಬಾಲ್ಯದಲ್ಲಿ ಆ ಕುಟಿಗರ ಪಕ್ಕದಲ್ಲಿ ಕುಳಿತೇ ಉಳಿ ಹಿಡಿದಿರಬಹುದೆಂದು ನಾನು ಊಹಿಸುತ್ತೇನೆ. ಹೆಸರು ಹಿಡಿದು ಇಂಥವನೇ ಕಲಿಸಿದನೆಂದು ತೋರಿಸುವ ಒಂದು ಸಾಲು ಮಾತ್ರ ಇನ್ನೂ ಸಿಕ್ಕಿಲ್ಲ.